ಮೇಷ್ಟ್ರ ಗೆಲುವಿನ ಲೆಕ್ಕ

ನಾನು ಅರಸೀಕೆರೆ ಕಡೆಯ ಒಂದು ಊರಿನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಬಸ್ ಸ್ಟ್ಯಾಂಡ್ ಹಿಂದೆ ಒಂದು ಸಣ್ಣ ಕೋಣೆ, ಒಂದು ಕಂಪ್ಯೂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಬರುವವರಲ್ಲಿ ಮುಕ್ಕಾಲು ಪಾಲು ಸುತ್ತಲಿನ ಹಳ್ಳಿಗಳ ಮೇಷ್ಟ್ರುಗಳು. ಸಂಬಳ, ಬ್ಯಾಂಕ್ ಬಡ್ಡಿ, ಕೆಜಿಐಡಿ, ಇಷ್ಟೇ ಅವರ ಲೆಕ್ಕ. ಹತ್ತು ನಿಮಿಷದ ಕೆಲಸ, ಉಳಿದದ್ದು ಮಾತು.

ಕಳೆದ ಎರಡು ಮೂರು ವರ್ಷಗಳಿಂದ ಈ ಸರಳ ಲೆಕ್ಕದೊಳಗೆ ಹೊಸದೊಂದು ಸಾಲು ಕಾಣಿಸಿಕೊಳ್ಳತೊಡಗಿತ್ತು. ಅದರ ಬಗ್ಗೆ ಬರೆಯಬೇಕು ಅಂದುಕೊಂಡಾಗಲೆಲ್ಲ ಒಂದು ಅಳುಕು. ಯಾರ ಗುಟ್ಟೂ ಬೀದಿಗೆ ಬರಬಾರದಲ್ವಾ? ಹಾಗಾಗಿ ಇದನ್ನು ಕಥೆ ಮಾಡಿದ್ದೇನೆ. ಇಲ್ಲಿ ಬರುವ ಮೇಷ್ಟ್ರು ಒಬ್ಬರಲ್ಲ, ನಾಲ್ಕಾರು ಜನರನ್ನು ಸೇರಿಸಿ ಕಟ್ಟಿದವರು. ಅವರ ಊರನ್ನು ಹುಡುಕಬೇಡಿ. ಲೆಕ್ಕವನ್ನು ಮಾತ್ರ ಬೇಕಾದರೆ ಪೆನ್ನು ಹಿಡಿದು ಪರೀಕ್ಷೆ ಮಾಡಿ.

ನಮ್ಮ ಮೇಷ್ಟ್ರು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ಹದಿನೆಂಟು ವರ್ಷದ ಸರ್ವಿಸ್. ಕುಡಿತ ಇಲ್ಲ, ಬೀಡಿ ಸಿಗರೇಟ್ ಇಲ್ಲ. ಇದ್ದ ಒಂದೇ ಖಯಾಲಿ ಎಂದರೆ ಯುಗಾದಿ ಮಾರನೆಯ ದಿನ, ಹೊಸತೊಡಕಿಗೆ, ಅರಳಿಕಟ್ಟೆ ಹತ್ತಿರ ಕೂತು ರಮ್ಮಿ ಆಡುವುದು. ನಮ್ಮ ಕಡೆ ಅವತ್ತು ಎಲೆ ಹಿಡಿಯದ ಗಂಡಸರು ಕಡಿಮೆ. ಆ ಕಟ್ಟೆಯಲ್ಲಿ ಮೇಷ್ಟ್ರ ಕೈ ದೊಡ್ಡ ಕೈ. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಸಾಕಿದರು, ಎಲ್ಲವೂ ತಲೆಯಲ್ಲಿ ಇರುತ್ತಿತ್ತು. ಆಟಿನ್ ಏಳು ಹೋಗಿದೆ, ಎಂಟು ಎದುರಿನವನ ಕೈಯಲ್ಲಿದೆ, ಹಾಗಾಗಿ ಆರು ಕೊಟ್ಟರೆ ಅಪಾಯವಿಲ್ಲ ಅನ್ನುವಂಥ ಲೆಕ್ಕ. ಸಂಜೆಗೆ ಮುನ್ನೂರು ನಾನೂರು ಗೆದ್ದು, ಅದರಲ್ಲೇ ಎಲ್ಲರಿಗೂ ಟೀ ಬೋಂಡ ಕೊಡಿಸಿ ಎದ್ದು ಬರುತ್ತಿದ್ದರು.

2023ರ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಬಂದವನು ಅವರ ಫೋನಿಗೆ ರಮ್ಮಿ ಆಪ್ ಹಾಕಿಕೊಟ್ಟ. ಟಿವಿಯಲ್ಲಿ, ಕ್ರಿಕೆಟ್ ನಡುವೆ, ಎಲ್ಲಿ ನೋಡಿದರೂ ಅದರದೇ ಜಾಹೀರಾತು ಇದ್ದ ಕಾಲ. ಕರ್ನಾಟಕ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ಹೊಡೆದುಹಾಕಿತು. ಹಾಗಾಗಿ ಮೇಷ್ಟ್ರು ಆಡಲು ಕೂತಾಗ ಕಾನೂನಿನ ಭಯ ಏನೂ ಇರಲಿಲ್ಲ.

ಮೊದಲು ಕೂತದ್ದು ಪಾಯಿಂಟ್‌ಗೆ ಒಂದು ರೂಪಾಯಿಯ ಟೇಬಲ್‌ನಲ್ಲಿ, ಇಬ್ಬರ ಆಟ. ಆಡದವರಿಗಾಗಿ ಸ್ವಲ್ಪ ಹೇಳಬೇಕು. ಹದಿಮೂರು ಎಲೆ. ಒಬ್ಬ ತನ್ನ ಎಲೆಗಳನ್ನೆಲ್ಲ ಜೋಡಿಸಿ ಶೋ ಮಾಡಿದಾಗ ಇನ್ನೊಬ್ಬನ ಕೈಯಲ್ಲಿ ಜೋಡಿಯಾಗದೆ ಉಳಿದ ಎಲೆಗಳ ಪಾಯಿಂಟ್ ಎಣಿಸುತ್ತಾರೆ. ರಾಜ, ರಾಣಿ, ಗುಲಾಮ, ಎಕ್ಕಕ್ಕೆ ತಲಾ ಹತ್ತು, ಬೇರೆ ಎಲೆಗೆ ಅದರ ಮೇಲಿನ ಸಂಖ್ಯೆ. ಹೆಚ್ಚೆಂದರೆ 80. ಎಲೆ ಕೆಟ್ಟದಾಗಿ ಬಂದರೆ ಮೊದಲೇ ಡ್ರಾಪ್ ಮಾಡಬಹುದು, ಆಗ 20 ಪಾಯಿಂಟ್ ಮಾತ್ರ ಹೋಗುತ್ತದೆ. ಆಡಿ ಆಮೇಲೆ ಬಿಟ್ಟರೆ 40. ಕಟ್ಟೆಯ ಮೇಲೆ ಡ್ರಾಪ್ ಮಾಡುವವನನ್ನು ಹೆದರುಪುಕ್ಕಲ ಅಂತ ರೇಗಿಸುತ್ತಾರೆ. ಮೇಷ್ಟ್ರಿಗೆ ಮಾತ್ರ ಡ್ರಾಪ್‌ನ ಬೆಲೆ ಗೊತ್ತಿತ್ತು. ಒಂದೇ ಜಾತಿಯ ಎಲೆಗಳು ಸಾಲಾಗಿ ಸೇರುವ ಮೊದಲ ಸೀಕ್ವೆನ್ಸ್ ಆಗುವ ಲಕ್ಷಣ ಇಲ್ಲದಿದ್ದರೆ ಇಪ್ಪತ್ತು ರೂಪಾಯಿ ಕೊಟ್ಟು ಎದ್ದುಬಿಡುತ್ತಿದ್ದರು.

ಅವರು ಗೆದ್ದರು. ಇದನ್ನು ಒತ್ತಿ ಹೇಳುತ್ತೇನೆ. ಇಂಥ ಕಥೆ ಕೇಳಿದವರು ತಕ್ಷಣ "ಮೊದಲು ಬೇಕಂತಲೇ ಗೆಲ್ಲಿಸ್ತಾರೆ, ಆಮೇಲೆ ಬೋಳಿಸ್ತಾರೆ" ಅನ್ನುತ್ತಾರೆ. ಹಾಗೆ ಮಾಡುವ ಆಪ್ ಇರಲೂಬಹುದು. ಆದರೆ ಮೇಷ್ಟ್ರ ಗೆಲುವಿಗೆ ಅಂಥ ಮೋಸ ಬೇಕಾಗಿಯೇ ಇರಲಿಲ್ಲ. ಒಂದು ರೂಪಾಯಿ ಟೇಬಲ್‌ಗೆ ಬರುವವರಲ್ಲಿ ಹೊಸಬರು ಜಾಸ್ತಿ. ಆ ವಾರವಷ್ಟೇ ಆಟ ಕಲಿತ ಹುಡುಗರು, ಬಸ್ಸಿನಲ್ಲಿ ಕೂತು ಅರೆಮನಸ್ಸಿನಿಂದ ಆಡುವವರು. ಅವರ ಎದುರು ಎಲೆ ಎಣಿಸುವ ಗಣಿತದ ಮೇಷ್ಟ್ರು ನೂರಕ್ಕೆ ಐವತ್ತಾರು ಆಟ ಗೆದ್ದರೆ ಆಶ್ಚರ್ಯವೇನಿದೆ?

2024ರ ಜುಲೈನಲ್ಲಿ ನನ್ನ ಹತ್ತಿರ ಬಂದಾಗ ಅವರ 26ಎಎಸ್, ಅಂದರೆ ಅವರ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ, ತೆರೆದು ನೋಡಿದೆ. ಸಂಬಳದ ಟಿಡಿಎಸ್ ಕೆಳಗೆ 194ಬಿಎ ಅಂತ ಒಂದು ಸಾಲು. ಆನ್‌ಲೈನ್ ಆಟದ ಗೆಲುವಿಗೆ 2023ರ ಏಪ್ರಿಲ್‌ನಿಂದ ಬಂದ ಸೆಕ್ಷನ್ ಅದು. ಗೆಲುವು 18,000, ಹಿಡಿದುಕೊಂಡ ತೆರಿಗೆ 5,400.

"ಇದೇನು ಮೇಷ್ಟ್ರೇ?" ಅಂದೆ.

ಅವರು ನಾಚಿಕೊಳ್ಳಲಿಲ್ಲ, ನಕ್ಕರು. "ರಮ್ಮಿ ಸಾರ್. ಅದ್ರಲ್ಲಿ 18 ಅಂತ ತೋರಿಸ್ತಿದೆಯಾ? ನಾನು ಅರವತ್ತು ಸಾವಿರ ಗೆದ್ದಿದ್ದೀನಿ."

ಅರವತ್ತು ಸಾವಿರ ಅನ್ನುವುದು ಅವರು ವರ್ಷವಿಡೀ ಆಪ್‌ನಿಂದ ತೆಗೆದ ಹಣ. ಹಾಕಿದ್ದು 42 ಸಾವಿರ. ತೆರಿಗೆಯವರು ಹಾಕಿದ್ದನ್ನು ಕಳೆದು ಉಳಿದದ್ದನ್ನು ಗೆಲುವು ಎನ್ನುತ್ತಾರೆ. ಮೇಷ್ಟ್ರ ಲೆಕ್ಕದಲ್ಲಿ ತೆಗೆದದ್ದೆಲ್ಲ ಗೆಲುವು. ಬ್ಯಾಂಕಿನಿಂದ ಹಣ ಬಂತು ಅಂತ ಮೆಸೇಜ್ ಬಂದಾಗಲೆಲ್ಲ ಅದನ್ನು ಹೆಂಡತಿಗೆ ತೋರಿಸಿದ್ದರು. ಹಾಕಿದ್ದೆಲ್ಲ ಇನ್ನೂರು, ಐನೂರು, ಮತ್ತೆ ಇನ್ನೂರು. ಯುಪಿಐನಲ್ಲಿ ತರಕಾರಿ, ಪೆಟ್ರೋಲ್ ನಡುವೆ ಚೆದುರಿಹೋದ ಸಣ್ಣ ಸಣ್ಣ ಮೊತ್ತ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಈ ಆದಾಯ ಇದ್ದರೆ ಸಾಮಾನ್ಯವಾಗಿ ತುಂಬುವ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ತುಂಬಬೇಕು. ನನ್ನ ಫೀಸೂ ಸ್ವಲ್ಪ ಜಾಸ್ತಿ ಅಂದೆ. "ಗೆದ್ದವರು ಕೊಡಬೇಕಲ್ವಾ ಸಾರ್" ಅಂತ ಕೊಟ್ಟರು.

ಆ ದಿನ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದ್ದೆ. ಒಂದು ಆಟ ಗೆದ್ದಾಗ ಆಪ್ ಎಷ್ಟು ಇಟ್ಟುಕೊಳ್ಳುತ್ತದೆ? "ಏನೋ ಹನ್ನೆರಡು ಪರ್ಸೆಂಟ್, ಗೆದ್ದಾಗ ಮಾತ್ರ ಸಾರ್, ಸೋತಾಗ ಏನೂ ಇಲ್ಲ" ಅಂದರು. ಅದು ಅವರಿಗೆ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಇಡೀ ಕಥೆ ಇರುವುದು ಆ ಹನ್ನೆರಡು ಪರ್ಸೆಂಟಿನಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಆಟದಲ್ಲಿ ಸೋತವನು ಸರಾಸರಿ 40 ಪಾಯಿಂಟ್‌ಗೆ ಸಿಕ್ಕಿಬೀಳುತ್ತಾನೆ ಅಂತಿಟ್ಟುಕೊಳ್ಳಿ. ಒಂದು ರೂಪಾಯಿ ಟೇಬಲ್‌ನಲ್ಲಿ ಸೋತವನ 40 ರೂಪಾಯಿ ಹೋಗುತ್ತದೆ. ಗೆದ್ದವನಿಗೆ 40 ಬರುವುದಿಲ್ಲ, 35 ರೂಪಾಯಿ 20 ಪೈಸೆ ಬರುತ್ತದೆ. ಉಳಿದ 4.80 ಆಪ್‌ಗೆ. ಇಬ್ಬರೂ ಸಮಬಲದವರು, ನೂರು ಆಟದಲ್ಲಿ ಐವತ್ತೈವತ್ತು ಗೆದ್ದರು ಅನ್ನಿ. ಕಟ್ಟೆಯ ಮೇಲಾದರೆ ಇಬ್ಬರೂ ತಂದ ದುಡ್ಡಿನೊಂದಿಗೆ ಮನೆಗೆ ಹೋಗುತ್ತಿದ್ದರು. ಇಲ್ಲಿ ಇಬ್ಬರೂ ತಲಾ 240 ರೂಪಾಯಿ ಕಳೆದುಕೊಂಡಿರುತ್ತಾರೆ. ಯಾರು ಯಾರನ್ನೂ ಸೋಲಿಸಿಲ್ಲ, ಆದರೂ ಇಬ್ಬರೂ ಸೋತಿದ್ದಾರೆ.

ಸರಿ, ಸ್ವಲ್ಪ ಚೆನ್ನಾಗಿ ಆಡುವವನು ನೂರಕ್ಕೆ 53 ಗೆದ್ದರೆ? ಬಂದದ್ದು 1,865 ರೂಪಾಯಿ ಚಿಲ್ಲರೆ, ಹೋದದ್ದು 1,880. ಇನ್ನೂ ನಷ್ಟವೇ. 54 ಗೆದ್ದರೆ ಮಾತ್ರ ಲಾಭದ ಮುಖ ಕಾಣುತ್ತದೆ. ಮೇಷ್ಟ್ರು ಸಣ್ಣ ಟೇಬಲ್‌ನಲ್ಲಿ 56 ಗೆಲ್ಲುತ್ತಿದ್ದರು. ರಾತ್ರಿ ಊಟ ಆದ ಮೇಲೆ ಇಪ್ಪತ್ತೈದು ಆಟ, ತಿಂಗಳಿಗೆ 750 ಆಟ. ಅದಕ್ಕೆ ಸಿಗುವುದು ಸುಮಾರು 1,580 ರೂಪಾಯಿ. ವರ್ಷಕ್ಕೆ ಹದಿನೆಂಟು ಸಾವಿರದ ಆಸುಪಾಸು ಬಂದದ್ದು ಹೀಗೆ. ಅದೃಷ್ಟವೂ ಅಲ್ಲ, ಮೋಸವೂ ಅಲ್ಲ. ಹೊಸಬರಿಗಿಂತ ಸ್ವಲ್ಪ ಮೇಲಿದ್ದ ಒಬ್ಬ ಒಳ್ಳೆ ಆಟಗಾರನ ಕೂಲಿ, ಅಷ್ಟೇ. ಗಂಟೆಗೆ ಲೆಕ್ಕ ಹಾಕಿದರೆ ತೆಂಗಿನಕಾಯಿ ಸುಲಿಯುವವನ ಕೂಲಿಯೂ ಇದಕ್ಕಿಂತ ಜಾಸ್ತಿ.

ಕೂಲಿ ಅಂತ ಅವರಿಗೆ ಅನ್ನಿಸಿದ್ದರೆ ಅಲ್ಲೇ ಇರುತ್ತಿದ್ದರೇನೋ. ಆದರೆ ಅವರಿಗೆ ಅನ್ನಿಸಿದ್ದು ಬೇರೆ. ಒಂದು ರೂಪಾಯಿ ಟೇಬಲ್‌ನಲ್ಲಿ ಹದಿನೆಂಟು ಸಾವಿರ ಅಂದರೆ ಹತ್ತು ರೂಪಾಯಿ ಟೇಬಲ್‌ನಲ್ಲಿ ಒಂದು ಲಕ್ಷ ಎಂಬತ್ತು ಸಾವಿರ. ಗಣಿತದವರ ಗುಣಾಕಾರ. ಐದನೇ ಕ್ಲಾಸಿನ ಮಕ್ಕಳಿಗೆ ಅವರೇ ಹೇಳಿಕೊಡುವ ತ್ರೈರಾಶಿ. ಒಂದು ಕೆಲಸವನ್ನು ಹತ್ತು ಜನ ಮಾಡಿದರೆ ಎಷ್ಟು ದಿನ ಅನ್ನುವ ಲೆಕ್ಕದಲ್ಲಿ ಆ ಹತ್ತು ಜನರೂ ಒಂದೇ ಥರ ಕೆಲಸ ಮಾಡುತ್ತಾರೆ ಅಂತ ಒಪ್ಪಿಕೊಂಡಿರುತ್ತೇವೆ. ಟೇಬಲ್ ಬದಲಾದರೆ ಎದುರಿಗೆ ಕೂರುವವನೂ ಬದಲಾಗುತ್ತಾನೆ. ಹತ್ತು ರೂಪಾಯಿ ಟೇಬಲ್‌ಗೆ ಬರುವವನೂ ಕೆಳಗಿನ ಟೇಬಲ್‌ನಲ್ಲಿ ಗೆದ್ದೇ ಮೇಲೆ ಬಂದವನು. ಅವನೂ ಎಲೆ ಎಣಿಸುತ್ತಾನೆ. ಅವನಿಗೂ ಡ್ರಾಪ್‌ನ ಬೆಲೆ ಗೊತ್ತು.

2024ರ ಏಪ್ರಿಲ್‌ನಿಂದ ಮೇಷ್ಟ್ರು ಐದು ರೂಪಾಯಿ ಟೇಬಲ್‌ಗೆ ಏರಿದ್ದರು. ನನ್ನ ಹತ್ತಿರ ನಕ್ಕು ಮಾತಾಡಿದ ಜುಲೈನಲ್ಲೇ ಅವರು ಇಳಿಜಾರಿನಲ್ಲಿದ್ದರು. ಅದು ನನಗಂತೂ ಇರಲಿ, ಅವರಿಗೂ ಗೊತ್ತಿರಲಿಲ್ಲ. ಅಲ್ಲಿ ಅವರು ಗೆದ್ದದ್ದು ನೂರಕ್ಕೆ ಐವತ್ತು. ಅರ್ಧಕ್ಕರ್ಧ ಆಟ ಗೆಲ್ಲುವವನಿಗೆ ತಾನು ಸೋಲುತ್ತಿದ್ದೇನೆ ಅಂತ ಹೇಗೆ ಗೊತ್ತಾಗಬೇಕು? ಹೋಗುತ್ತಿದ್ದದ್ದು ದಿನಕ್ಕೆ ಸರಾಸರಿ ಮುನ್ನೂರು ರೂಪಾಯಿ. ಒಂದು ರಾತ್ರಿ ಎರಡು ಸಾವಿರ ಬರುತ್ತದೆ, ಮಾರನೆಯ ರಾತ್ರಿ ಸಾವಿರದೆಂಟುನೂರು ಹೋಗುತ್ತದೆ, ಅದರ ಮಾರನೆಯ ದಿನ ಏಳುನೂರು ಹೋಗುತ್ತದೆ. ಈ ಏರಿಳಿತದ ಗದ್ದಲದಲ್ಲಿ ಮುನ್ನೂರು ಕೇಳಿಸುವುದೇ ಇಲ್ಲ. ತಿಂಗಳಿಗೆ ಒಂಬತ್ತು ಸಾವಿರ, ಆಗಸ್ಟ್ ಮುಗಿಯುವ ಹೊತ್ತಿಗೆ ನಲವತ್ತೈದು ಸಾವಿರ. ಎಲ್ಲ ಸಂಬಳದಲ್ಲೇ ಹೋಯಿತು. ಹೆಂಡತಿಗೆ ಸೊಸೈಟಿ ಸಾಲದ ಕಂತು ಜಾಸ್ತಿ ಆಯ್ತು ಅಂದಿದ್ದರು.

ಇನ್ನೊಂದು ಬದಲಾವಣೆ ಆಗಿತ್ತು. ಮೇಷ್ಟ್ರು ಹಣ ತೆಗೆಯುವುದನ್ನೇ ನಿಲ್ಲಿಸಿದ್ದರು. 2023ರ ಅಕ್ಟೋಬರ್‌ನಿಂದ ಆಪ್‌ಗೆ ಹಾಕುವ ಹಣಕ್ಕೆ 28 ಪರ್ಸೆಂಟ್ ಜಿಎಸ್‌ಟಿ ಬಂದಿತ್ತು. ಸಾವಿರ ಹಾಕಿದರೆ ಅದರಲ್ಲಿ 219 ರೂಪಾಯಿ ತೆರಿಗೆ. ಆಪ್ ಅದನ್ನು ಬೋನಸ್ ರೂಪದಲ್ಲಿ ತುಂಬಿಕೊಡುತ್ತಿತ್ತು, ಆದರೆ ಬೋನಸ್ ಆಡುವುದಕ್ಕೆ ಮಾತ್ರ, ತೆಗೆಯುವುದಕ್ಕಲ್ಲ. ಇತ್ತ ತೆಗೆಯುವಾಗ ಗೆಲುವಿದ್ದರೆ 30 ಪರ್ಸೆಂಟ್ ಟಿಡಿಎಸ್. ಹಾಕುವಾಗಲೂ ತೆರಿಗೆ, ತೆಗೆಯುವಾಗಲೂ ತೆರಿಗೆ. ಅದಕ್ಕಿಂತ ಅಲ್ಲೇ ಇರಲಿ ಅಂದುಕೊಂಡರು. ಕಡಿವಾಣ ಹಾಕಲು ಬಂದ ತೆರಿಗೆಯೇ ಅವರ ಹಣವನ್ನು ಆಪ್‌ನೊಳಗೆ ಕೂಡಿಹಾಕಿತು. ಒಳಗೆ ಉಳಿದ ಹಣದಲ್ಲಿ ಆಡಿ ಗೆದ್ದ ಪ್ರತಿ ಆಟದಲ್ಲೂ ಗೆಲುವಿನ ಹನ್ನೆರಡು ಪರ್ಸೆಂಟ್ ಸವೆಯುತ್ತದೆ. ಬಚ್ಚಲ ಹಂಡೆಯ ಸಣ್ಣ ತೂತಿನ ಹಾಗೆ, ನೀರು ಹೋಗುವುದು ಕಾಣುವುದಿಲ್ಲ, ಬೆಳಿಗ್ಗೆ ಹಂಡೆ ಅರ್ಧ ಆಗಿರುತ್ತದೆ.

2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಸಂಬಳ ಬಂತು. ಊರೂರ ಮೇಷ್ಟ್ರುಗಳೆಲ್ಲ ಖುಷಿಯಲ್ಲಿದ್ದರು. ನಮ್ಮವರು ಹತ್ತು ರೂಪಾಯಿ ಟೇಬಲ್‌ಗೆ ಹೋದರು. ಅಲ್ಲಿ ಕೂರಬೇಕಾದರೇ 800 ರೂಪಾಯಿ ಇರಬೇಕು. ಅಲ್ಲಿ ಗೆದ್ದದ್ದು ನೂರಕ್ಕೆ 49. ಒಂದೇ ಒಂದು ಕಡಿಮೆ. ಆದರೆ ತಿಂಗಳಿಗೆ ಹೋಗುತ್ತಿದ್ದದ್ದು 23 ಸಾವಿರಕ್ಕಿಂತ ಜಾಸ್ತಿ.

ಮಗಳ ಇಂಜಿನಿಯರಿಂಗ್‌ಗೆ ಅಂತ ಒಂದೊಂದು ಲಕ್ಷದ ಮೂರು ಎಫ್‌ಡಿ ಇದ್ದವು. ಅಕ್ಟೋಬರ್‌ನಲ್ಲಿ ಒಂದನ್ನು ಮುರಿಸಿದರು, ಜನವರಿಯಲ್ಲಿ ಇನ್ನೊಂದು, 2025ರ ಜೂನ್‌ನಲ್ಲಿ ಮೂರನೆಯದು. ಪ್ರತಿ ಸಲವೂ ವಾಪಸ್ ಇಡುವ ಮನಸ್ಸಿನಿಂದಲೇ ಮುರಿಸಿದ್ದು. ಅದು ಸುಳ್ಳಲ್ಲ. ನೂರಕ್ಕೆ 49 ಗೆಲ್ಲುವ ಮನುಷ್ಯನಿಗೆ ಇನ್ನೊಂದು ವಾರ ಚೆನ್ನಾಗಿ ಆಡಿದರೆ ಬರುತ್ತದೆ ಅನ್ನಿಸುವುದು ಹುಚ್ಚುತನ ಅಲ್ಲ. ಅಂಥ ವಾರಗಳು ಬರುತ್ತಲೂ ಇದ್ದವು. ಹದಿನಾಲ್ಕು ಸಾವಿರ ಗೆದ್ದ ವಾರದ ಕಥೆಯನ್ನು ಅವರು ನನಗೆ ಎಲೆ ಎಲೆಯಾಗಿ ಹೇಳಿದ್ದಾರೆ. ಮುರಿಸಿದ ಎಫ್‌ಡಿ ಬಗ್ಗೆ ಹೇಳಿದ್ದು ತಾರೀಖು ಮಾತ್ರ.

ಶಾಲೆಯಲ್ಲಿ ಏನಾದರೂ ವ್ಯತ್ಯಾಸ ಆಗಿತ್ತಾ ಅಂತ ಕೇಳಬಹುದು. ಆಗಿರಲಿಲ್ಲ. ಬಿಸಿಯೂಟದ ಲೆಕ್ಕ ಸರಿ, ಹಾಜರಿ ಸರಿ, ಪಾಠ ಸರಿ. ಮಧ್ಯಾಹ್ನ ಸ್ವಲ್ಪ ತೂಕಡಿಸುತ್ತಿದ್ದರು, ಅದನ್ನು ಸಕ್ಕರೆ ಕಾಯಿಲೆಗೆ ಹಾಕಿದರು. ಹೆಡ್‌ಮೇಡಂ ಒಂದು ಸಲ ಶುಗರ್ ಚೆಕ್ ಮಾಡಿಸಿ ಅಂದಿದ್ದರಂತೆ.

2025ರ ಆಗಸ್ಟ್ ಕೊನೆಯಲ್ಲಿ ಅವರು ಮತ್ತೆ ರಿಟರ್ನ್ ತುಂಬಿಸಲು ಬಂದರು. 26ಎಎಸ್ ತೆರೆದೆ. 194ಬಿಎ ಸಾಲು ಇರಲಿಲ್ಲ. ಇದೊಂದು ವಿಚಿತ್ರ. ಗೆದ್ದರೆ ಸರ್ಕಾರದ ಪುಸ್ತಕದಲ್ಲಿ ಹೆಸರು ಬರುತ್ತದೆ. ಎರಡು ಲಕ್ಷ ಸೋತರೆ ಒಂದಕ್ಷರವೂ ಬರುವುದಿಲ್ಲ, ಯಾಕೆಂದರೆ ಹಿಡಿಯಲು ತೆರಿಗೆಯೇ ಇಲ್ಲ. ಬರೀ ಅಷ್ಟು ನೋಡಿದರೆ ಮೇಷ್ಟ್ರು ಆಟ ಬಿಟ್ಟಿದ್ದಾರೆ ಅನ್ನಿಸಬೇಕು. ಆದರೆ ವರ್ಷದ ಆದಾಯದ ವಿವರ ಇರುವ ಎಐಎಸ್ ಅನ್ನುವ ಇನ್ನೊಂದು ಪಟ್ಟಿಯಲ್ಲಿ ಬ್ಯಾಂಕ್ ಬಡ್ಡಿ ನೋಡಿದೆ. ಹಿಂದಿನ ವರ್ಷ 21 ಸಾವಿರ ಇದ್ದದ್ದು 15 ಸಾವಿರಕ್ಕೆ ಇಳಿದಿತ್ತು. ಸಂಬಳ ಏರಿದ ವರ್ಷ ಬಡ್ಡಿ ಇಳಿಯುವುದು ಅಂದರೆ ಸೈಟ್ ತಗೊಂಡಿರಬೇಕು, ಇಲ್ಲ ಮದುವೆ ಮಾಡಿರಬೇಕು.

"ಸೈಟ್ ಏನಾದ್ರೂ ತಗೊಂಡ್ರಾ ಮೇಷ್ಟ್ರೇ?"

ಅವರು ಬಾಗಿಲ ಕಡೆ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದ್ದೇ ಇಲ್ಲಿಯವರೆಗಿನ ಕಥೆ. ಆಪ್‌ನ ಸ್ಟೇಟ್‌ಮೆಂಟ್ ತೆಗೆದು ಇಬ್ಬರೂ ಕೂಡಿದೆವು. ಹೋಗಿದ್ದು ಮೂರು ಲಕ್ಷ ಮೂವತ್ತು ಸಾವಿರದ ಹತ್ತಿರ. ಕ್ಯಾಲ್ಕುಲೇಟರ್ ಬೇಡ ಅಂತ ಅವರೇ ಬಾಯಲ್ಲಿ ಕೂಡುತ್ತಿದ್ದರು, ನನಗಿಂತ ಬೇಗ. ನೂರಕ್ಕೆ 53ರ ಲೆಕ್ಕವನ್ನೂ ಅವತ್ತು ಹಾಳೆಯ ಮೇಲೆ ಹಾಕಿ ತೋರಿಸಿದೆ. ಅವರು ಅದನ್ನು ಎರಡು ಸಲ ಪರೀಕ್ಷೆ ಮಾಡಿ, "ಸರಿಯಾಗಿದೆ" ಅಂದರು.

ಆಮೇಲೆ ಕೇಳಿದರು: "ಸಾರ್, ಹೋದ್ಸಲ ಗೆದ್ದಿದ್ದಕ್ಕೆ 5,400 ಹಿಡ್ಕೊಂಡ್ರಲ್ಲ. ಈಗ ಇಷ್ಟು ಸೋತಿದ್ದೀನಿ. ಅದಾದ್ರೂ ವಾಪಸ್ ಬರಲ್ವಾ?"

ಬರಲ್ಲ. ಈ ಗೆಲುವು ಸೋಲನ್ನು ಆಯಾ ವರ್ಷಕ್ಕೆ ಮಾತ್ರ ಲೆಕ್ಕ ಹಾಕುತ್ತಾರೆ. ಅಂಗಡಿಯವನಾದರೆ ಈ ವರ್ಷದ ನಷ್ಟವನ್ನು ಮುಂದಿನ ವರ್ಷಕ್ಕೆ ಹೊತ್ತುಕೊಂಡು ಹೋಗಬಹುದು. ಆಟದ ನಷ್ಟಕ್ಕೆ ಆ ಅವಕಾಶ ಇಲ್ಲ.

"ಆದ್ರೆ ಸುಪ್ರೀಂ ಕೋರ್ಟೇ ರಮ್ಮಿನ ಸ್ಕಿಲ್ ಅಂದಿದೆ ಸಾರ್" ಅಂದರು, ಮಧ್ಯದಲ್ಲೆಲ್ಲೋ. ಅದೂ ನಿಜ. 1967ರ ನವೆಂಬರ್‌ನ ತೀರ್ಪು, ಸಿಕಂದರಾಬಾದಿನ ಒಂದು ಕ್ಲಬ್ಬಿನ ಕೇಸು. ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಅಂತ ಕೋರ್ಟ್ ಹೇಳಿತು. ಆಡಲು ಕೂರುವವರಿಂದ ಕ್ಲಬ್ ಅತಿಯಾಗದಂತೆ ಸಣ್ಣ ಶುಲ್ಕ ತೆಗೆದುಕೊಂಡರೆ ತಪ್ಪಿಲ್ಲ ಅಂತಲೂ ಹೇಳಿತು. ಎಲ್ಲರೂ ಮೊದಲ ಮಾತನ್ನು ನೆನಪಿಟ್ಟುಕೊಂಡಿದ್ದಾರೆ, ಎರಡನೆಯದನ್ನಲ್ಲ. ನನಗೆ ಕೇಳಿದರೆ, ಮೇಷ್ಟ್ರ ಜಾಣ್ಮೆ ನಿಜವಾದದ್ದೇ. ಆದರೆ ಹನ್ನೆರಡು ಪರ್ಸೆಂಟನ್ನು ಮೀರಿಸುವಷ್ಟು ಜಾಣ್ಮೆ ಯಾರಿಗೂ ದೊಡ್ಡ ಟೇಬಲ್‌ನಲ್ಲಿ ಸುಲಭಕ್ಕೆ ಇರುವುದಿಲ್ಲ. ಇದು ಜಾಣ್ಮೆಯೋ ಜೂಜೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ಒಂದು ಆಟಕ್ಕೆ ಎಷ್ಟು ಹಿಡಿದುಕೊಳ್ಳುತ್ತೀರಿ ಅನ್ನುವುದನ್ನೇ ಮೊದಲು ಕೇಳಬೇಕಿತ್ತು.

ಅಷ್ಟರಲ್ಲಿ ಕಾನೂನೇ ಬದಲಾಗಿತ್ತು. ಆನ್‌ಲೈನ್ ಆಟಗಳ ಹೊಸ ಮಸೂದೆಯನ್ನು ಲೋಕಸಭೆ ಆಗಸ್ಟ್ 20ಕ್ಕೆ, ರಾಜ್ಯಸಭೆ 21ಕ್ಕೆ ಒಪ್ಪಿ, 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾಣ್ಮೆಯದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಕ್ಕೂ ನಿಷೇಧ. ಶಿಕ್ಷೆ ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ. ಆಡಿದವರಿಗಲ್ಲ. ಮೇಷ್ಟ್ರ ಆಪ್‌ನಲ್ಲಿ ಹಣದ ಟೇಬಲ್‌ಗಳೆಲ್ಲ ಮುಚ್ಚಿ, ಉಳಿದದ್ದನ್ನು ತೆಗೆದುಕೊಳ್ಳಿ ಅಂತ ಸಂದೇಶ ಬಂದಿತ್ತು. ಉಳಿದದ್ದು 312 ರೂಪಾಯಿ.

ಅವರಿಗೆ ಸಮಾಧಾನ ಆಗಿರುತ್ತದೆ ಅಂದುಕೊಂಡಿದ್ದೆ. ಅವರ ಮುಖದಲ್ಲಿ ಇದ್ದದ್ದು ಸಿಟ್ಟು. "ಇಷ್ಟು ದಿನ ಬಿಟ್ಟು ಈಗ ಮುಚ್ಚಿಬಿಟ್ರಲ್ಲ ಸಾರ್. ವಾಪಸ್ ತಗೊಳ್ಳೋಕೂ ದಾರಿ ಇಲ್ಲದ ಹಾಗೆ ಮಾಡಿಬಿಟ್ರು."

ಹಾಳೆಯ ಮೇಲೆ 53ರ ಲೆಕ್ಕ ಇನ್ನೂ ಇಬ್ಬರ ಮುಂದೆಯೇ ಇತ್ತು. ಅವರೇ ಸರಿ ಅಂದ ಲೆಕ್ಕ.

ನಾನು ರಿಟರ್ನ್ ತುಂಬಿದೆ. ಆಧಾರ್ ಓಟಿಪಿಗೆ ಅವರ ಫೋನ್ ಬೇಕಿತ್ತು, ಕೊಟ್ಟರು. ಓಟಿಪಿ ಬರುವ ಮೊದಲು ಅದರ ಮೇಲೆ ಟೆಲಿಗ್ರಾಂ ಮೆಸೇಜ್ ಒಂದು ಬಂತು. ಹೊರದೇಶದ ಯಾವುದೋ ಆಪ್, ಮೊದಲ ಬಾರಿ ಹಾಕಿದರೆ ಡಬಲ್ ಬೋನಸ್ ಅಂತ. ನಾನು ಓದಿದ್ದನ್ನು ಅವರು ನೋಡಿದರು.

"ಸುಮ್ನೆ ಕೇಳ್ತೀನಿ ಸಾರ್. ಇದ್ರಲ್ಲಿ ಗೆದ್ರೆ 26ಎಎಸ್‌ನಲ್ಲಿ ಬರುತ್ತಾ?"

ಬರುವುದಿಲ್ಲ, ಗೆದ್ದದ್ದು ಕೈಗೂ ಬರುವುದಿಲ್ಲ, ದುಡ್ಡು ಕೊಡದಿದ್ದರೆ ಕೇಳಲು ಒಂದು ಆಫೀಸಿನ ವಿಳಾಸವೂ ಇರುವುದಿಲ್ಲ ಅಂದೆ. ಆಮೇಲೆ, ಈ ವರ್ಷದ ಫೀಸ್ ಬೇಡ ಮೇಷ್ಟ್ರೇ, ಅದರ ಬದಲು ಶನಿವಾರ ಶಾಲೆ ಬಿಟ್ಟ ಮೇಲೆ ಮನೆಯವರನ್ನು ಕರೆದುಕೊಂಡು ಬನ್ನಿ, ಪಾಸ್‌ಬುಕ್ಕೂ ತನ್ನಿ, ಸೊಸೈಟಿ ಸಾಲದ ಕಂತು ಎಷ್ಟು ಅಂತ ಅವರ ಎದುರೇ ಕೂಡೋಣ ಅಂದೆ. ಅವರು ಫೋನ್ ಜೇಬಿಗೆ ಹಾಕಿಕೊಂಡು, ಈ ಶನಿವಾರ ಸಮಾಲೋಚನಾ ಸಭೆ ಇದೆ, ಮುಂದಿನ ಶನಿವಾರ ನೋಡೋಣ ಸಾರ್, ಅಂದರು.